ಗಿರವಿ ಅಂಗಡಿಯಲ್ಲಿ ಕಳ್ಳತನ: ಒಂದೇ ರಾತ್ರಿ, ಮೂರು ಒಡವೆ, ಮೂರು ಲೆಕ್ಕ

ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಒಂದು ಗಿರವಿ ಅಂಗಡಿ. ಅಣ್ಣ ತಮ್ಮ ಇಬ್ಬರು ನಡೆಸುತ್ತಾರೆ. ಅಲ್ಲಿಗೆ ಹಲವು ವರ್ಷಗಳಿಂದ ಹೋಗಿಬರುವ ಒಬ್ಬ ಟೈಲರ್ ಅಕ್ಕ. ಕಾನೂನು ಬಿಡಿಸಿ ಹೇಳಲು ನಾನೇ ಕಟ್ಟಿಕೊಂಡ ಪ್ರಕರಣ ಇದು. ಹಾಗಾಗಿ ಊರಿಗೂ ಹೆಸರಿಲ್ಲ, ಮನುಷ್ಯರಿಗೂ ಹೆಸರಿಲ್ಲ. ಸೆಕ್ಷನ್‌ಗಳು, ತೀರ್ಪುಗಳು ಮಾತ್ರ ಅಸಲಿ.

ಜನವರಿಯಲ್ಲಿ ಅಕ್ಕ ಎರಡೆಳೆ ಸರ ಅಡವಿಟ್ಟು 1,20,000 ರೂಪಾಯಿ ತಂದರು. ಸರ 40 ಗ್ರಾಂ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಜೂನ್ ಕೊನೆಗೆ ಮಗನ ಕಾಲೇಜು ಫೀಸು ಬಂತು. ಆಗ 24 ಗ್ರಾಂನ ನಾಲ್ಕು ಬಳೆ ಇಟ್ಟು 60,000 ತಂದರು. ಎರಡಕ್ಕೂ ಬೇರೆ ಬೇರೆ ಚೀಟಿ.

ಅಕ್ಟೋಬರ್ ಕೊನೆಯಲ್ಲಿ ಚೀಟಿ ಫಂಡಿನ ಹಣ ಕೈಗೆ ಬಂತು. ಅಕ್ಕ ಅಂಗಡಿಗೆ ಹೋಗಿ ಬಳೆಯ ಸಾಲ ಅಸಲು, ನಾಲ್ಕು ತಿಂಗಳ ಬಡ್ಡಿ ಸೇರಿ 62,400 ರೂಪಾಯಿ ಫೋನಿನಲ್ಲೇ ಕಟ್ಟಿದರು. ತಮ್ಮ ಚೀಟಿ ವಾಪಸ್ ತೆಗೆದುಕೊಂಡ. ಆಮೇಲೆ, "ತಿಜೋರಿ ಕೀ ಅಣ್ಣನ ಹತ್ತಿರ ಇದೆ ಅಕ್ಕ, ಮದುವೆಗೆ ಹೋಗಿದ್ದಾರೆ. ನಾಳೆ ಬನ್ನಿ" ಅಂದ. ಮರುದಿನ ಹೋದರೆ ಅಣ್ಣ ಇನ್ನೂ ಬಂದಿರಲಿಲ್ಲ. ಅಕ್ಕ ಅಂದು ಸಂಜೆಯ ಬಸ್ಸಿಗೆ ಗಂಡನ ಊರಿಗೆ ಹೊರಟಿದ್ದರು. ಜನಜಂಗುಳಿಯಲ್ಲಿ ಯಾಕೆ ಅಂತ ಕಿವಿಯ ಓಲೆ ಜುಮುಕಿಯನ್ನೂ ಬಿಚ್ಚಿ ತಮ್ಮನ ಕೈಗೆ ಕೊಟ್ಟರು. "ಬಳೆ ಜೊತೆ ಇದನ್ನೂ ತಿಜೋರಿಯಲ್ಲಿ ಇಟ್ಟಿರಪ್ಪ, ಬಂದು ಎರಡೂ ತಗೊಂಡು ಹೋಗ್ತೀನಿ." ಇದಕ್ಕೆ ಸಾಲವಿಲ್ಲ, ಬಡ್ಡಿಯಿಲ್ಲ, ಚೀಟಿಯೂ ಇಲ್ಲ. ಬಸ್ಸಿನಲ್ಲಿ ಕೂತು ಒಂದು ವಾಟ್ಸಾಪ್ ಮೆಸೇಜ್ ಹಾಕಿದರು: "ಓಲೆ ಜೋಪಾನ." ಉತ್ತರ ಬಂತು: "ಆಯ್ತು ಅಕ್ಕ."

ಅಣ್ಣ ಮರುದಿನವೇ ಬಂದ. ತಿಜೋರಿ ತೆಗೆದು ಬಳೆ ಹೊರಗಿಟ್ಟ. ಅಕ್ಕ ಬಂದ ಕೂಡಲೇ ಕೊಡೋಣ ಅಂತ ಬಳೆ, ಓಲೆ ಎರಡನ್ನೂ ಒಂದು ಕವರಿಗೆ ಹಾಕಿ ಗಲ್ಲಾದ ಡ್ರಾಯರಿನಲ್ಲಿಟ್ಟ. ಸರ ತಿಜೋರಿಯಲ್ಲೇ ಉಳಿಯಿತು. ಅಕ್ಕನಿಗೆ ಫೋನ್ ಮಾಡಲಿಲ್ಲ. ಮೂರು ದಿನ ಬಿಟ್ಟು, ಅಂಗಡಿಗೆ ರಜೆ ಇದ್ದ ರಾತ್ರಿ, ಹಿಂಬಾಗಿಲು ಮುರಿದು ಕಳ್ಳರು ನುಗ್ಗಿದರು. ಡ್ರಾಯರ್ ಎಳೆದು ಕವರ್ ಒಯ್ದರು. ಗ್ಯಾಸ್ ಕಟರ್‌ನಿಂದ ತಿಜೋರಿ ಕೊಯ್ದು ಸರವನ್ನೂ ಒಯ್ದರು.

ಅಕ್ಕ ವಾಪಸ್ ಬಂದಾಗ ಅಂಗಡಿಯವರು ಹೇಳಿದ್ದು ಇಷ್ಟು: "ನಮ್ಮದೂ ಹೋಗಿದೆ ಅಕ್ಕ. ಸರದ ಸಾಲ ಬಿಟ್ಟೆವು. ಮೇಲೆ ಒಂದು ಲಕ್ಷ ಕೊಡ್ತೀವಿ. ಇಲ್ಲಿಗೆ ಮುಗಿಸೋಣ." ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತೂ ಇತ್ತು: ಕಳ್ಳತನ, ಬೆಂಕಿಗೆ ಅಂಗಡಿ ಜವಾಬ್ದಾರಿಯಲ್ಲ.

ಒಪ್ಪಬೇಕೋ ಬೇಡವೋ? ಇದಕ್ಕೆ ಉತ್ತರ ಬೇಕಾದರೆ ಮೂರು ಒಡವೆಯನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಕಳ್ಳರಿಗೆ ಮೂರೂ ಒಂದೇ, ಕಾನೂನಿಗೆ ಅಲ್ಲ.

ಮೊದಲು ಬುನಾದಿ. ನಿಮ್ಮ ವಸ್ತುವನ್ನು ಒಂದು ಉದ್ದೇಶಕ್ಕೆ ಇನ್ನೊಬ್ಬರ ಕೈಗೆ ಕೊಟ್ಟು, ಆ ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು ಅಂತ ಮಾತಾದರೆ ಅದು ಬೇಲ್‌ಮೆಂಟ್. 1872ರ ಭಾರತೀಯ ಕರಾರು ಕಾಯ್ದೆಯ 148ನೇ ಸೆಕ್ಷನ್ ಹೇಳುವುದು ಇದನ್ನೇ. ಸಾಲಕ್ಕೆ ಭದ್ರತೆಯಾಗಿ ಹಾಗೆ ಕೊಟ್ಟರೆ ಅದು ಗಿರವಿ, 172ನೇ ಸೆಕ್ಷನ್. ಅಂದರೆ ಪ್ರತಿ ಗಿರವಿಯೂ ಒಂದು ಬೇಲ್‌ಮೆಂಟ್, ಆದರೆ ಪ್ರತಿ ಬೇಲ್‌ಮೆಂಟ್ ಗಿರವಿಯಲ್ಲ. ಎರಡರಲ್ಲೂ ವಸ್ತು ನಿಜವಾಗಿ ಕೈ ಬದಲಾಗಬೇಕು. 1938ರಲ್ಲಿ ವರದಿಯಾದ ಮದ್ರಾಸ್ ಹೈಕೋರ್ಟಿನ ಒಂದು ತೀರ್ಪು ಇದಕ್ಕೆ ಒಳ್ಳೆಯ ಉದಾಹರಣೆ, ಕಾಳಿಯಪೆರುಮಾಳ್ ಪಿಳ್ಳೈ ಪ್ರಕರಣ. ಒಬ್ಬ ಹೆಂಗಸು ಹಳೆ ಒಡವೆ ಕರಗಿಸಿ ಹೊಸದು ಮಾಡಲು ಅಕ್ಕಸಾಲಿಗನಿಗೆ ಕೊಟ್ಟಿದ್ದಳು. ಆದರೆ ಪ್ರತಿ ಸಂಜೆ ಅರ್ಧ ಆದ ಒಡವೆಯನ್ನು ತಾನೇ ತೆಗೆದುಕೊಂಡು, ಅವನ ಕೋಣೆಯಲ್ಲಿದ್ದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀ ಒಯ್ಯುತ್ತಿದ್ದಳು. ಒಂದು ರಾತ್ರಿ ಒಡವೆ ಕಳುವಾಯಿತು. ಒಡವೆ ಪ್ರತಿ ಸಂಜೆ ಅವಳ ವಶಕ್ಕೇ ವಾಪಸ್ ಬರುತ್ತಿದ್ದುದರಿಂದ ಅಕ್ಕಸಾಲಿಗ ಹೊಣೆಯಲ್ಲ ಅಂದಿತು ಕೋರ್ಟ್. ನಮ್ಮ ಅಕ್ಕನ ಕೈಯಲ್ಲಿ ಯಾವ ಕೀಯೂ ಇರಲಿಲ್ಲ. ಮೂರು ಒಡವೆಯೂ ಪೂರ್ತಿ ಅಂಗಡಿಯ ವಶದಲ್ಲೇ ಇದ್ದವು.

ಈಗ ಬಳೆಗೆ ಬರೋಣ. ಮೂರರಲ್ಲಿ ಅಕ್ಕನ ಕೈ ಅತಿ ಗಟ್ಟಿಯಾಗಿರುವುದು ಇಲ್ಲೇ. ಸಾಲ ತೀರಿದ ಕ್ಷಣಕ್ಕೆ ಬಳೆ ಇಟ್ಟುಕೊಳ್ಳುವ ಹಕ್ಕು ಅಂಗಡಿಗೆ ಮುಗಿಯಿತು. ಉದ್ದೇಶ ಮುಗಿದ ಮೇಲೆ ಕೇಳದಿದ್ದರೂ ವಾಪಸ್ ಕೊಡಬೇಕು ಅನ್ನುತ್ತದೆ 160ನೇ ಸೆಕ್ಷನ್. ಅದರ ಹಿಂದೆಯೇ ಬರುವ 161 ಇನ್ನೂ ಖಾರ. ಇಟ್ಟುಕೊಂಡವನ ತಪ್ಪಿನಿಂದ ಸರಿಯಾದ ಹೊತ್ತಿಗೆ ವಸ್ತು ವಾಪಸ್ ಆಗದಿದ್ದರೆ, ಆ ಹೊತ್ತಿನಿಂದ ಏನೇ ನಷ್ಟವಾದರೂ ಹೊಣೆ ಅವನದು. ಅಲ್ಲಿ "ಜೋಪಾನ ಮಾಡಿದ್ದೆ" ಅನ್ನುವ ಉತ್ತರಕ್ಕೆ ಜಾಗವೇ ಇಲ್ಲ. ಬಳೆ ಡ್ರಾಯರಿನಲ್ಲಿತ್ತೋ, ತಿಜೋರಿಯಲ್ಲಿತ್ತೋ ಅನ್ನುವುದೂ ಮುಖ್ಯವಲ್ಲ. ಇಂಗ್ಲೆಂಡಿನಲ್ಲಿ 1917ರ ಶಾ ವಿರುದ್ಧ ಸಿಮನ್ಸ್ ಪ್ರಕರಣದಲ್ಲೂ ಹೀಗೇ ಆಯಿತು. ಬೈಂಡಿಂಗ್‌ಗೆ ಕೊಟ್ಟ ಪುಸ್ತಕ ಕೇಳಿದಾಗ ಬೈಂಡರ್ ಕೊಡದೆ ತಡ ಮಾಡಿದ. ಅಷ್ಟರಲ್ಲಿ ಬೆಂಕಿ ಬಿತ್ತು. ಬೆಂಕಿ ಅವನ ತಪ್ಪಲ್ಲದಿದ್ದರೂ ದುಡ್ಡು ಕಟ್ಟಿಕೊಡಬೇಕಾಯಿತು.

ಕೀ ಬೇರೆಯವರ ಹತ್ತಿರ ಇತ್ತು ಅನ್ನುವುದು ಅಂಗಡಿಯ ಒಳಗಿನ ವ್ಯವಸ್ಥೆ. ದುಡ್ಡು ಕಟ್ಟಿ ಕೈಚಾಚಿದವರಿಗೆ ಅದು ನೆಪ ಅಷ್ಟೇ. ಅಂಗಡಿಯ ವಕೀಲರು ಇಲ್ಲಿ ಎರಡು ಮಾತು ಎತ್ತಬಹುದು. ಎರಡನ್ನೂ ಮೊದಲೇ ಯೋಚಿಸಿಟ್ಟುಕೊಂಡರೆ ಒಳ್ಳೆಯದು.

ಒಂದು: "ಮೂರನೇ ದಿನ ಬಳೆ ಸಿದ್ಧವಿತ್ತು, ಆಕೆಯೇ ಬರಲಿಲ್ಲ." ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಅಂಗಡಿಯವರು ಫೋನ್ ಮಾಡಿ "ಬಳೆ ರೆಡಿ, ಬನ್ನಿ" ಅಂದಿದ್ದು, ಅಕ್ಕ ಎರಡು ವಾರ ಎಳೆದಿದ್ದರೆ ತಪ್ಪು ಯಾರದು ಅನ್ನುವುದು ತಿರುಗಿಬಿಡುತ್ತಿತ್ತು. ಆದರೆ ಫೋನೂ ಇಲ್ಲ, ಮೆಸೇಜೂ ಇಲ್ಲ. ಡ್ರಾಯರಿನಲ್ಲಿಟ್ಟುಕೊಂಡು ಕಾಯುವುದು ವಾಪಸ್ ಕೊಟ್ಟಂತಲ್ಲ.

ಇನ್ನೊಂದು: "ಸರದ ಸಾಲ ಬಾಕಿಯಿತ್ತಲ್ಲ, ಅದಕ್ಕೂ ಸೇರಿಸಿ ಬಳೆ ಇಟ್ಟುಕೊಂಡಿದ್ದೆವು." ಇದಕ್ಕೆ 174ನೇ ಸೆಕ್ಷನ್ ನೋಡಬೇಕು. ಯಾವ ಸಾಲಕ್ಕೆ ಇಟ್ಟ ಒಡವೆಯೋ ಆ ಸಾಲಕ್ಕೆ ಮಾತ್ರ ಹಿಡಿದಿಡಬಹುದು. ಬೇರೆ ಸಾಲಕ್ಕೆ ಹಿಡಿಯಬೇಕಾದರೆ ಹಾಗಂತ ಒಪ್ಪಂದ ಇರಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಗಿರವಿ ಇಟ್ಟ ಮೇಲೆ ಮತ್ತೆ ಸಾಲ ಕೊಟ್ಟಿದ್ದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಅಂಥ ಒಪ್ಪಂದ ಇತ್ತು ಅಂತಲೇ ಕಾನೂನು ಊಹಿಸುತ್ತದೆ. ಹಾಗಾಗಿ ಚೀಟಿಯ ತಾರೀಖು ನೋಡಬೇಕು. ಸರದ ಸಾಲ ಜನವರಿಯದು, ಬಳೆ ಇಟ್ಟದ್ದು ಜೂನ್‌ನಲ್ಲಿ. ಬಳೆ ಅಂಗಡಿಗೆ ಬರುವಾಗ ಸರದ ಸಾಲ ಹಳೆಯದಾಗಿತ್ತು, ಊಹೆಗೆ ಎಡೆಯಿಲ್ಲ. ಮೊದಲು ಬಳೆ, ಆಮೇಲೆ ಸರ ಅಂತ ಆಗಿದ್ದರೆ ಅಕ್ಕನ ವಕೀಲರು ಸ್ವಲ್ಪ ಬೆವರಬೇಕಿತ್ತು. ಆಗಲೂ ಪ್ರತಿ ಸಾಲಕ್ಕೆ ಬೇರೆ ಒಡವೆ, ಬೇರೆ ಚೀಟಿ ಇದೆ ಅನ್ನುವುದು ಅವರ ಕೈ ಹಿಡಿಯುತ್ತಿತ್ತು.

ಓಲೆಯ ವಿಷಯದಲ್ಲಿ ಅಂಗಡಿಯವರು ಮಾತ್ರವಲ್ಲ, ಓದುಗರಲ್ಲಿ ಎಷ್ಟೋ ಮಂದಿ ಅಂದುಕೊಳ್ಳುವುದು ಒಂದೇ: "ಅದು ಉಪಕಾರಕ್ಕೆ ಇಟ್ಟುಕೊಂಡದ್ದು, ಅದಕ್ಕೆಂಥ ಹೊಣೆ?" ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಈ ಮಾತಿಗೆ ಬೆಲೆ ಇತ್ತು. ಬಿಟ್ಟಿಯಾಗಿ ಇಟ್ಟುಕೊಂಡವನಿಗೆ ಕಡಿಮೆ ಹೊಣೆ, ದುಡ್ಡು ತಗೊಂಡವನಿಗೆ ಜಾಸ್ತಿ. ನಮ್ಮ 151ನೇ ಸೆಕ್ಷನ್ ಈ ಭೇದ ಮಾಡುವುದಿಲ್ಲ. ಎಲ್ಲ ಬೇಲ್‌ಮೆಂಟಿಗೂ ಒಂದೇ ಅಳತೆ. ಸಾಮಾನ್ಯ ಬುದ್ಧಿಯ ಮನುಷ್ಯ ಅಂಥದೇ ಸಂದರ್ಭದಲ್ಲಿ, ಅಷ್ಟೇ ಗಾತ್ರ, ಗುಣ, ಬೆಲೆಯ ತನ್ನದೇ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಿದ್ದನೋ ಹಾಗೆ ನೋಡಿಕೊಳ್ಳಬೇಕು.

ಈ ಅಳತೆಯಲ್ಲಿ "ತನ್ನದೇ ವಸ್ತು" ಅನ್ನುವುದನ್ನು ಅಂಗಡಿಯವರು ತಪ್ಪಾಗಿ ಹಿಡಿಯುತ್ತಾರೆ. "ನಮ್ಮದೂ ಹೋಗಿದೆ" ಅನ್ನುವುದು ಉತ್ತರವಲ್ಲ. ಸೆಕ್ಷನ್ ಕೇಳುವುದು ಬುದ್ಧಿಯಿರುವ ಮನುಷ್ಯನ ಜೋಪಾನವನ್ನು. ಈ ಅಂಗಡಿಯವನು ತನ್ನ ಚಿನ್ನವನ್ನೂ ಬೇಜವಾಬ್ದಾರಿಯಿಂದ ಇಟ್ಟಿದ್ದರೆ ಅಳತೆ ಕೆಳಗಿಳಿಯುವುದಿಲ್ಲ. ಆದರೆ ಉಲ್ಟಾ ಇದ್ದರೆ ಅದು ಅವನಿಗೇ ಮುಳ್ಳು. ತನ್ನ ಮಾಲನ್ನು ತಿಜೋರಿಗೆ ಹಾಕಿ, ಗಿರಾಕಿಯದನ್ನು ಡ್ರಾಯರಿಗೆ ಹಾಕಿದ ಅಂದರೆ, ಯಾವುದು ಸುರಕ್ಷಿತ ಅಂತ ಅವನಿಗೆ ಗೊತ್ತಿತ್ತು ಅಂತಾಯಿತು. ಇಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ. ಪಕ್ಕದಲ್ಲೇ ತಿಜೋರಿ ಇದೆ, ಕೀ ಬಂದಿದೆ, ರಜೆಯ ದಿನ ಬಾಗಿಲು ಹಾಕಿ ಹೋಗುವಾಗ ಓಲೆ ಇದ್ದದ್ದು ಮರದ ಡ್ರಾಯರಿನಲ್ಲಿ. ಅಕ್ಕ "ತಿಜೋರಿಯಲ್ಲಿ" ಅಂತಲೇ ಹೇಳಿದ್ದರು. ಓಲೆಗೂ ಅಂಗಡಿ ಹೊಣೆ. ತೊಂದರೆ ಇರುವುದು ಸಾಕ್ಷಿಯಲ್ಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಸರದ ಕಥೆಯೇ ಬೇರೆ. ಇಲ್ಲಿ ಅಕ್ಕ ಸೋಲಲೂಬಹುದು, ಮತ್ತು ಸೋತರೆ ಅದು ಬಹಳ ಜನಕ್ಕೆ ಅನ್ಯಾಯ ಅನಿಸುವಂಥ ಸೋಲು. 152ನೇ ಸೆಕ್ಷನ್ ಪ್ರಕಾರ 151ರ ಅಳತೆಯ ಜೋಪಾನ ಮಾಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ವಸ್ತು ಕಳೆದುಹೋದರೂ ಹೊಣೆಯಿಲ್ಲ. ಇಟ್ಟುಕೊಂಡವನು ಇನ್ಶೂರೆನ್ಸ್ ಕಂಪನಿಯಲ್ಲ. ಗ್ಯಾಸ್ ಕಟರ್ ತಂದು ಉಕ್ಕಿನ ತಿಜೋರಿ ಕೊಯ್ಯುವ ಕಳ್ಳರನ್ನು ತಡೆಯಲು ಸಣ್ಣ ಅಂಗಡಿಯವನು ಇನ್ನೇನು ಮಾಡಬೇಕಿತ್ತು ಅಂತ ಕೋರ್ಟ್ ಕೇಳಬಹುದು. ಅಂಗಡಿ ಹೊಣೆಯಲ್ಲ ಅಂತಾದರೆ ಸರ ಹೋಯಿತು, ಸಾಲ ಉಳಿಯಿತು. ಗಿರವಿ ಸಾಲಕ್ಕೆ ಬರೀ ಭದ್ರತೆ. ಭದ್ರತೆ ಯಾರ ತಪ್ಪೂ ಇಲ್ಲದೆ ನಾಶವಾದರೆ ಸಾಲ ತಾನಾಗಿ ಮಾಯವಾಗುವುದಿಲ್ಲ. ಅಕ್ಕ ಅಸಲು, ಹತ್ತು ತಿಂಗಳ ಬಡ್ಡಿ ಸೇರಿ 1,32,000 ಕಟ್ಟಬೇಕು, ಕೊರಳು ಖಾಲಿ.

ಆದರೆ ಜೋಪಾನ ಮಾಡಿದ್ದೆ ಅಂತ ತೋರಿಸಬೇಕಾದವರು ಯಾರು? ಇದರ ಮೇಲೇ ಸರದ ಪಾಲಿನ ಸೋಲು ಗೆಲುವು ನಿಂತಿದೆ. ಅಕ್ಕ ಸಾಬೀತು ಮಾಡಬೇಕಾದ್ದು ಎರಡೇ: ಒಡವೆ ಕೊಟ್ಟೆ, ವಾಪಸ್ ಬರಲಿಲ್ಲ. ಅಂಗಡಿಯ ಒಳಗೆ ಏನು ನಡೆಯಿತು ಅನ್ನುವುದು ಅಂಗಡಿಯವನಿಗೆ ಮಾತ್ರ ಗೊತ್ತಿರುವ ಸಂಗತಿ. ಅದನ್ನು ತೋರಿಸುವ ಹೊರೆ ಅವನ ಮೇಲೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 106ನೇ ಸೆಕ್ಷನ್ ಆಗಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 109. "ಕಳ್ಳತನ ಆಯ್ತು" ಅಂದರೆ ಸಾಲದು. ಹೇಗೆ ಆಯಿತು, ತಡೆಯಲು ಏನೇನು ಇತ್ತು ಅನ್ನುವುದನ್ನೂ ಹೇಳಬೇಕು.

ಹಾಗಾಗಿ ಅಕ್ಕನ ಕಡೆಯವರು ಕೇಳಬೇಕಾದ್ದು ತಿಜೋರಿಯ ಬಗ್ಗೆ ಅಲ್ಲ, ಹಿಂಬಾಗಿಲ ಬಗ್ಗೆ. ನಮ್ಮ ಪ್ರಕರಣದಲ್ಲಿ ಮುಂದಿನ ಶಟರ್‌ಗೆ ಎರಡು ಬೀಗ, ಹಿಂದಿನ ಮರದ ಬಾಗಿಲಿಗೆ ಒಂದೇ ಚಿಲಕ. ಅಲಾರಂ ಇತ್ತು, ಆದರೆ ಹಲ್ಲಿ ಓಡಾಡಿದರೂ ಕೂಗುತ್ತದೆ ಅಂತ ಎರಡು ತಿಂಗಳ ಹಿಂದೆ ವೈರ್ ಕಿತ್ತಿದ್ದರು. ಕ್ಯಾಮರಾ ಇತ್ತು, ಅದರ ಮುಖ ಗಲ್ಲಾದ ಕಡೆಗೆ. ತಿಜೋರಿ ಕೊಯ್ಯುವುದು ಐದು ನಿಮಿಷದ ಕೆಲಸವಲ್ಲ. ಅಲಾರಂ ಕೂಗಿದ್ದರೆ ಬೀದಿಯವರು ಏಳುತ್ತಿದ್ದರು. ಇರುವ ರಕ್ಷಣೆಯನ್ನು ಕಿತ್ತಿಟ್ಟದ್ದು ಬುದ್ಧಿಯಿರುವ ಮನುಷ್ಯನ ಕೆಲಸವೇ? ನನ್ನ ಅಂದಾಜಿನಲ್ಲಿ ಈ ಒಂದು ವೈರ್ ಅಂಗಡಿಯ ವಾದವನ್ನು ಬಹಳಷ್ಟು ಸಡಿಲ ಮಾಡುತ್ತದೆ. ಆದರೂ ಸರದ ಮಟ್ಟಿಗೆ ಇದು ಅರವತ್ತು-ನಲವತ್ತರ ಆಟ. ಬಳೆಯಷ್ಟು ಖಚಿತವಲ್ಲ.

ಚೀಟಿಯ ಹಿಂದಿನ ಸಣ್ಣ ಅಕ್ಷರದ ಮಾತು? ಹೊಣೆಯನ್ನು ಕರಾರಿನಿಂದ ಕಡಿಮೆ ಮಾಡಿಕೊಳ್ಳಬಹುದೇ ಅನ್ನುವುದರಲ್ಲಿ ಹೈಕೋರ್ಟ್‌ಗಳಿಗೆ ಒಮ್ಮತವಿಲ್ಲ. ಬಾಂಬೆಯಲ್ಲಿ 1928ರಷ್ಟು ಹಿಂದೆಯೇ ಮಾಡಿಕೊಳ್ಳಬಹುದು ಅಂದ ತೀರ್ಪಿದೆ. 151 "ಎಲ್ಲ ಬೇಲ್‌ಮೆಂಟಿಗೂ" ಅನ್ನುವುದರಿಂದ ಕೂಡದು ಅನ್ನುವ ವಾದವೂ ಇದೆ. 2021ರ ಅಮಿತಾಭ ದಾಸ್‌ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ಲಾಕರ್ ಬಗ್ಗೆ ಮಾತಾಡುತ್ತಾ, ಗಿರಾಕಿಯ ಮೇಲೆ ಏಕಪಕ್ಷೀಯ ಷರತ್ತು ಹೇರಿ ಬ್ಯಾಂಕ್ ಕೈತೊಳೆದುಕೊಳ್ಳುವಂತಿಲ್ಲ ಅಂದಿತು. ಲಾಕರ್ ಬೇರೆ, ಗಿರವಿ ಬೇರೆ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತದೆ. ಏನೇ ಆದರೂ ಆ ಷರತ್ತು ಓಲೆಗೆ ಮುಟ್ಟುವುದಿಲ್ಲ, ಅದಕ್ಕೆ ಚೀಟಿಯೇ ಇರಲಿಲ್ಲ. ಸಾಲ ತೀರಿ ಚೀಟಿ ವಾಪಸ್ ಆದ ಬಳೆಗೂ ಅದನ್ನು ಎಳೆದು ತರುವುದು ಕಷ್ಟ.

ಈಗ ಲೆಕ್ಕ. ಗ್ರಾಂಗೆ 9,000 ಅಂತ ಇಟ್ಟುಕೊಳ್ಳೋಣ, ಕೂಲಿ ಬಿಟ್ಟು. ಬಳೆ 2,16,000. ಓಲೆ 8 ಗ್ರಾಂ, 72,000. ಸರ 3,60,000.

ಸರಕ್ಕೂ ಅಂಗಡಿ ಹೊಣೆ ಅಂತಾದರೆ ಸಾಲ ಏನಾಗುತ್ತದೆ? ಇದಕ್ಕೆ 1967ರಲ್ಲಿ ವರದಿಯಾದ ಸುಪ್ರೀಂ ಕೋರ್ಟಿನ ಲಲ್ಲನ್ ಪ್ರಸಾದ್ ವಿರುದ್ಧ ರಹಮತ್ ಅಲಿ ತೀರ್ಪು ದಾರಿ ತೋರಿಸುತ್ತದೆ. ಅಲ್ಲಿ ಗಿರವಿ ಇಟ್ಟದ್ದು ವಿಮಾನದ ಗುಜರಿ. ಸಾಲ ಕೊಟ್ಟವನು ಗಿರವಿಯನ್ನೇ ಅಲ್ಲಗಳೆದು ಸಾಲಕ್ಕೆ ದಾವೆ ಹಾಕಿದ. ವಸ್ತುವನ್ನೂ ಇಟ್ಟುಕೊಂಡು ಸಾಲವನ್ನೂ ವಸೂಲಿ ಮಾಡುವಂತಿಲ್ಲ ಅಂದಿತು ಕೋರ್ಟ್. ವಾಪಸ್ ಕೊಡುವ ಸ್ಥಿತಿಯಲ್ಲಿಲ್ಲದಿದ್ದರೆ ವಸ್ತುವಿನ ಬೆಲೆಯನ್ನು ಸಾಲಕ್ಕೆ ಜಮಾ ಮಾಡಬೇಕು. ಹಾಗಾಗಿ 3,60,000ದಲ್ಲಿ ಅಸಲು ಮತ್ತು ಹತ್ತು ತಿಂಗಳ ಬಡ್ಡಿ 1,32,000 ಕಳೆದು 2,28,000 ಅಕ್ಕನಿಗೆ ಬರಬೇಕು. "ಸಾಲ ಬಿಟ್ಟೆವು" ಅನ್ನುವ ಔದಾರ್ಯದ ಒಳಗಿನ ಗುಟ್ಟು ಇದು. ಒಡವೆಯ ಬೆಲೆಯ ಮೂರನೇ ಒಂದು ಭಾಗ ಸಾಲ ಕೊಟ್ಟು, ಕಳೆದಾಗ ಸಾಲ ಮನ್ನಾ ಅಂದರೆ ಉಳಿದ ಎರಡು ಭಾಗ ಎಲ್ಲಿ?

ಮೂರೂ ಗೆದ್ದರೆ ಅಕ್ಕನಿಗೆ 5,16,000. ಸರ ಸೋತರೆ ಬಳೆ, ಓಲೆಯ 2,88,000ದಿಂದ ಸಾಲದ 1,32,000 ಕಳೆದು 1,56,000. ಅಂಗಡಿಯವರು ಕೈಗೆ ಕೊಡುತ್ತೇವೆ ಅಂದದ್ದು ಒಂದು ಲಕ್ಷ. ಸರ ಸೋತಾಗ ಬರುವುದಕ್ಕಿಂತಲೂ ಅದು ಕಡಿಮೆ.

ದಾರಿ ಯಾವುದು? ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್. ಅದರಲ್ಲಿ ಬಳೆ, ಓಲೆ ವಾಪಸ್ ಕೇಳಬೇಕು. ಸರಕ್ಕೆ "1,32,000 ಕಟ್ಟಲು ಸಿದ್ಧ, ಸರ ಕೊಡಿ" ಅಂತ ಬರೆಯಬೇಕು. ಸಾಲ ಕಟ್ಟಲು ಸಿದ್ಧ ಅಂತ ಹೇಳದೆ ಗಿರವಿ ಒಡವೆ ಕೇಳಿದರೆ 173ನೇ ಸೆಕ್ಷನ್ ತೋರಿಸಿ, ಸಾಲ ತೀರುವವರೆಗೆ ಹಿಡಿದಿಡುವ ಹಕ್ಕು ನಮಗಿದೆ ಅನ್ನುತ್ತಾರೆ. ನೋಟಿಸಿಗೆ ಇನ್ನೊಂದು ಉಪಯೋಗವೂ ಇದೆ. ಗಿರವಿ ಅಥವಾ ಜೋಪಾನಕ್ಕೆ ಕೊಟ್ಟ ವಸ್ತುವಿನ ಸಿವಿಲ್ ದಾವೆಗೆ ಮೂರು ವರ್ಷದ ಕಾಲಮಿತಿ. ಅದು ಓಡಲು ಶುರುವಾಗುವುದು ಕೇಳಿದ ಮೇಲೆ ಇಲ್ಲ ಅಂದ ದಿನದಿಂದ, ಕಾಲಮಿತಿ ಕಾಯ್ದೆಯ 70ನೇ ವಿಧಿ.

ಜಿಲ್ಲಾ ಗ್ರಾಹಕರ ಆಯೋಗ ಸುಲಭದ ದಾರಿ, ಎರಡು ವರ್ಷದೊಳಗೆ ಹೋಗಬೇಕು. ಅಕ್ಕ ಬಡ್ಡಿ ಕಟ್ಟಿದ್ದಾರೆ, ಆದ್ದರಿಂದ ಸರ, ಬಳೆಯ ಮಟ್ಟಿಗೆ ಗ್ರಾಹಕಿ. ಓಲೆ ಅಲ್ಲಿ ಎಡವುತ್ತದೆ. ಬಿಟ್ಟಿ ಸೇವೆ ಗ್ರಾಹಕ ಕಾಯ್ದೆಯ ಒಳಗೆ ಬರುವುದಿಲ್ಲ. ಕರಾರು ಕಾಯ್ದೆ ಬಿಟ್ಟಿ ಅಂತ ಭೇದ ಮಾಡದಿದ್ದರೂ ಗ್ರಾಹಕ ಕಾಯ್ದೆ ಮಾಡುತ್ತದೆ, ವಿಚಿತ್ರ ಅಲ್ವಾ? ಇದೆಲ್ಲ ಒಂದೇ ವ್ಯವಹಾರದ ಭಾಗ ಅಂತ ವಾದಿಸಬಹುದು. ಅದು ಬೇಡ ಅಂದರೆ ಮೂರಕ್ಕೂ ಸೇರಿಸಿ ಸಿವಿಲ್ ದಾವೆ. ಕೋರ್ಟ್ ಫೀ ಕಟ್ಟಬೇಕು, ನಿಧಾನ ಜಾಸ್ತಿ. ಆದರೆ ಅಲಾರಂ ವೈರ್‌ನಂಥ ವಿಷಯದಲ್ಲಿ ಸಾಕ್ಷಿಗಳ ಪಾಟೀ ಸವಾಲು ಬೇಕಾಗುತ್ತದೆ. ಅದಕ್ಕೆ ಸಿವಿಲ್ ಕೋರ್ಟೇ ಸರಿಯಾದ ಜಾಗ. ಅಲ್ಲಿ "ಒಡವೆ ಕೊಡಿಸಿ, ಇಲ್ಲವಾದರೆ ಕೊಡುವ ದಿನದ ಚಿನ್ನದ ಬೆಲೆ ಕೊಡಿಸಿ" ಅಂತ ಎರಡನ್ನೂ ಕೇಳಬೇಕು. ಚಿನ್ನದ ಬೆಲೆ ಏರುತ್ತಿರುವಾಗ ಯಾವ ದಿನದ ಬೆಲೆ ಅನ್ನುವುದರ ಮೇಲೆ ಲಕ್ಷ ರೂಪಾಯಿ ವ್ಯತ್ಯಾಸವಾಗಬಹುದು. ಕೇಳದಿದ್ದನ್ನು ಕೋರ್ಟ್ ತಾನಾಗಿ ಕೊಡುವುದು ಅಪರೂಪ.

ಪೊಲೀಸ್ ದೂರು? ಬೇಜವಾಬ್ದಾರಿ ಬೇರೆ, ಮೋಸ ಬೇರೆ. ಭಾರತೀಯ ನ್ಯಾಯ ಸಂಹಿತೆಯ 316ರ ನಂಬಿಕೆ ದ್ರೋಹಕ್ಕೆ ಅಪ್ರಾಮಾಣಿಕ ಉದ್ದೇಶ ಬೇಕು. ಒಡವೆ ಮಾರಿಕೊಂಡು ಕಳ್ಳತನದ ನಾಟಕ ಆಡಿದ್ದರೆ ಅದು ಅನ್ವಯವಾಗುತ್ತದೆ, ಡ್ರಾಯರಿನಲ್ಲಿ ಮರೆತಿದ್ದಕ್ಕೆ ಅಲ್ಲ. ಆದರೆ ಅಂಗಡಿಯವರೇ ಕೊಟ್ಟ ಕಳ್ಳತನದ ದೂರಿನ ಪ್ರತಿ ಅಕ್ಕನಿಗೆ ಚಿನ್ನದಷ್ಟೇ ಬೆಲೆಯದು. ಅದರಲ್ಲಿ ಕಳುವಾದ ಮಾಲಿನ ಪಟ್ಟಿ ಇರುತ್ತದೆ. "ಗಿರಾಕಿಯ ಓಲೆ ಒಂದು ಜೊತೆ" ಅಂತ ಅಲ್ಲಿ ಇದ್ದರೆ ಓಲೆ ಕೊಟ್ಟದ್ದಕ್ಕೆ ಬೇರೆ ಪುರಾವೆ ಹುಡುಕುವ ಕೆಲಸ ಬಹುಪಾಲು ತಪ್ಪಿತು. ಕಳ್ಳ ಸಿಕ್ಕಿ ಒಡವೆ ಸಿಕ್ಕರೆ ಅದನ್ನು ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಒಡವೆಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಸಬೇಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ.

ಉಳಿದದ್ದು ಸಾಕ್ಷಿ. ಸರಕ್ಕೆ ಚೀಟಿ ಅಕ್ಕನ ಹತ್ತಿರವೇ ಇದೆ, ತೂಕ ಬರೆದಿದೆ. ಬಳೆಯ ಚೀಟಿ ವಾಪಸ್ ಹೋಗಿದೆ, ಆದರೆ 62,400 ಕಟ್ಟಿದ ದಿನ, ಗಂಟೆ ಫೋನಿನಲ್ಲಿದೆ. ಚೀಟಿಯ ಇನ್ನರ್ಧ, ದಿನವಹಿ ಪುಸ್ತಕ ಅಂಗಡಿಯಲ್ಲಿವೆ, ಅವನ್ನು ಹಾಜರು ಮಾಡಿಸಲು ಕೋರ್ಟನ್ನು ಕೇಳಬಹುದು. ಓಲೆಗೆ ಇರುವುದು ಎರಡು ಸಾಲಿನ ವಾಟ್ಸಾಪ್, ಮದುವೆಯ ಫೋಟೋ, ಹತ್ತು ವರ್ಷದ ಹಿಂದಿನ ಒಡವೆ ಅಂಗಡಿಯ ಬಿಲ್. ವಾಟ್ಸಾಪನ್ನು ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಜೊತೆಗಿರಬೇಕು. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿದರೆ ತಕರಾರು ಬರುತ್ತದೆ. ಮತ್ತು ಫೋನ್ ಬದಲಾಯಿಸಬಾರದು.

ಬಿಲ್ ಪ್ರಕಾರ ಓಲೆ 8 ಗ್ರಾಂ 200 ಮಿಲಿ. ಅದರಲ್ಲಿ ಕಲ್ಲಿನ ತೂಕ ಎಷ್ಟು ಅಂತ ಬರೆದಿಲ್ಲ. ನೋಟಿಸಿನಲ್ಲಿ ಅಕ್ಕ 8 ಗ್ರಾಂ ಅಂತಲೇ ಬರೆಸಿದರು. ಕಲ್ಲು ಕಳೆಯಿರಿ ಅಂತ ಅಂಗಡಿಯವರು ಉತ್ತರ ಕೊಟ್ಟರೆ, ಓಲೆ ತಮ್ಮ ಕೈಗೆ ಬಂದದ್ದನ್ನು ಅವರೇ ಒಪ್ಪಿಕೊಂಡಂತಾಗುತ್ತದೆ.